ಒಂದೇ ಸೆಲ್‌ನಲ್ಲಿ ಅಲ್ಪವಿರಾಮ ಹಾಕಿ ಬೆಳೆಗಳ ಹೆಸರು ತುಂಬುವ ಮುನ್ನ

ಗದಗದ ಸುತ್ತಲಿನ ಕೆಲವು ಹಳ್ಳಿಗಳಲ್ಲಿ 140 ರೈತರ ಸಮೀಕ್ಷೆ ಮಾಡಿದ್ದೆವು. ‘ಯಾವ ಯಾವ ಬೆಳೆ ಬೆಳೆಯುತ್ತೀರಿ’ ಎಂಬ ಪ್ರಶ್ನೆಯ ಉತ್ತರವನ್ನು ನಾನು ಎಕ್ಸೆಲ್‌ನಲ್ಲಿ ‘ಜೋಳ, ಶೇಂಗಾ, ಕಡಲೆ’ ಎಂದು ಒಂದೇ ಸೆಲ್‌ಗೆ ತುಂಬಿದೆ. ಕಣ್ಣಿಗೆ ಅಚ್ಚುಕಟ್ಟಾಗಿ ಕಾಣುತ್ತಿದ್ದ ಆ ಹಾಳೆಯಿಂದಲೇ ತಪ್ಪು ವರದಿ ಹೊರಟಿತು.

ಜೋಳ ಬೆಳೆಯುವವರೆಷ್ಟು ಎಂದು ಮೊದಲು ಹೀಗೆ ಎಣಿಸಿದೆ:

```
=COUNTIF(C2:C141,"ಜೋಳ")
```

ಬಂದ ಉತ್ತರ 23. ಜೋಳವೇ ಮುಖ್ಯ ಬೆಳೆಯಾಗಿರುವ ಸೀಮೆಯಲ್ಲಿ ಇದು ಅಸಾಧ್ಯವೆಂದು ಗೊತ್ತಾಯಿತು; ಈ ಸೂತ್ರ ಜೋಳವೊಂದನ್ನೇ ಹೇಳಿದವರನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತದೆ. ಹಾಗಾಗಿ ನಕ್ಷತ್ರ ಚಿಹ್ನೆ ಸೇರಿಸಿ `"*ಜೋಳ*"` ಎಂದು ಬರೆದಾಗ 118 ಬಂತು. ನಂಬಲರ್ಹವಾಗಿ ಕಂಡದ್ದರಿಂದ ಅದನ್ನೇ ಕಳುಹಿಸಿಬಿಟ್ಟೆ. ‘ಗೋವಿನಜೋಳ’ ಎಂಬ ಪದದೊಳಗೂ ‘ಜೋಳ’ ಅಡಗಿದೆ ಎಂಬುದು ಹೊಳೆದದ್ದು, ಗೋವಿನಜೋಳವನ್ನು ಮಾತ್ರ ಬೆಳೆಯುವ ಊರಿನ ಹಿರಿಯರೊಬ್ಬರು ‘ನಮ್ಮೂರಾಗ ಇಷ್ಟು ಜ್ವಾಳ ಎಲ್ಲೈತ್ರಿ?’ ಎಂದು ಕೇಳಿದಾಗ. ಮೊದಲ ಸಂಖ್ಯೆಯ ತಪ್ಪು ಎದ್ದು ಕಾಣುತ್ತಿತ್ತು, ಎರಡನೆಯದರದ್ದು ಕಾಣುತ್ತಿರಲಿಲ್ಲ. ನನ್ನ ಮಟ್ಟಿಗೆ ಅಪಾಯವಿದ್ದದ್ದು ಎರಡನೆಯದರಲ್ಲಿಯೇ.

ಪ್ರತಿ ಬೆಳೆಗೂ ಪ್ರತ್ಯೇಕ ಸಾಲು ಸಿಗುವಂತೆ ಒಡೆಯುವುದೇ ಇದಕ್ಕೆ ಪರಿಹಾರ. ಒಡೆಯುವ ಮುನ್ನ ಪ್ರತಿ ರೈತನಿಗೂ ಒಂದು ಕ್ರಮಸಂಖ್ಯೆ ಇರಲೇಬೇಕು, ಇಲ್ಲವಾದರೆ ಒಡೆದ ಮೇಲೆ ಯಾವ ಸಾಲು ಯಾರದೆಂದು ತಿಳಿಯುವುದಿಲ್ಲ. ಎಕ್ಸೆಲ್‌ನ Data ಪಟ್ಟಿಯಲ್ಲಿರುವ From Table/Range ಮೂಲಕ ಪವರ್ ಕ್ವೆರಿಯನ್ನು ತೆರೆದು, ಬೆಳೆಯ ಕಾಲಂ ಆಯ್ದು, Split Column, By Delimiter ಎಂದು ಒತ್ತಬೇಕು. ಅಲ್ಲಿ Advanced options ತೆರೆದು Rows ಎಂಬುದನ್ನು ಆರಿಸದಿದ್ದರೆ ಬೆಳೆಗಳು ಸಾಲುಗಳಾಗುವ ಬದಲು ಅಡ್ಡಲಾಗಿ ಕಾಲಂಗಳಾಗಿ ಹರಡಿಕೊಳ್ಳುತ್ತವೆ. ಬಳಿಕ Trim ಮಾಡುವುದನ್ನು ಮರೆಯಬಾರದು. ಅಲ್ಪವಿರಾಮದ ನಂತರದ ಖಾಲಿ ಜಾಗ ಹಾಗೆಯೇ ಉಳಿದರೆ ‘ಕಡಲೆ’ ಎಂಬುದು ಪಟ್ಟಿಯಲ್ಲಿ ಎರಡು ಬೇರೆ ಬೆಳೆಗಳಾಗಿ ಬರುತ್ತದೆ. ಮುಂಗಾರಿಗೊಮ್ಮೆ, ಹಿಂಗಾರಿಗೊಮ್ಮೆ ಎಂದು ಕೆಲವರ ಸೆಲ್‌ನಲ್ಲಿ ಜೋಳ ಎರಡು ಸಲ ಇತ್ತು. ಆದ್ದರಿಂದ ಕ್ರಮಸಂಖ್ಯೆ ಮತ್ತು ಬೆಳೆ ಎರಡೂ ಕಾಲಂಗಳನ್ನು ಒಟ್ಟಿಗೆ ಆಯ್ದು Remove Duplicates ಕೊಟ್ಟೆ.

ಗೂಗಲ್ ಶೀಟ್ಸ್ ಬಳಸುವವರಿಗೆ ಇನ್ನೊಂದು ಹಳ್ಳವಿದೆ. ಅಲ್ಲಿನ `SPLIT` ಸೂತ್ರಕ್ಕೆ `", "` ಎಂದು ಅಲ್ಪವಿರಾಮ ಮತ್ತು ಖಾಲಿ ಜಾಗ ಎರಡನ್ನೂ ಕೊಟ್ಟರೆ ಅದು ಆ ಎರಡರಲ್ಲಿ ಯಾವುದು ಸಿಕ್ಕರೂ ಅಲ್ಲಿ ಕತ್ತರಿಸುವುದರಿಂದ ‘ಹೆಸರು ಕಾಳು’ ಕೂಡ ಎರಡು ತುಂಡಾಗುತ್ತದೆ. ಮೂರನೆಯ ಮೌಲ್ಯವಾಗಿ `FALSE` ಕೊಟ್ಟರೆ ಹೀಗಾಗುವುದಿಲ್ಲ:

```
=SPLIT(C2,", ",FALSE)
```

ಒಡೆದಾದ ಮೇಲೆ ನನ್ನ 140 ಸಾಲುಗಳು 326 ಆದವು. ಇಲ್ಲಿಯೂ ಮುಗ್ಗರಿಸಬಹುದು: ನಾಲ್ಕು ಎಕರೆಯಲ್ಲಿ ಮೂರು ಬೆಳೆ ಬೆಳೆಯುವ ರೈತನ ಜಮೀನು ಮೂರೂ ಸಾಲುಗಳಲ್ಲಿ ಕಾಣಿಸಿಕೊಂಡು, ಕೂಡಿದಾಗ ಹನ್ನೆರಡು ಎಕರೆಯಾಗುತ್ತದೆ. ಹೀಗಾಗಿ ಎಕರೆಯ ಮೊತ್ತವನ್ನು ಮೂಲ ಹಾಳೆಯಿಂದಲೇ ತೆಗೆದುಕೊಂಡು, ಶೇಕಡಾ ಲೆಕ್ಕಕ್ಕೆ 326ರ ಬದಲು 140ರಿಂದಲೇ ಭಾಗಿಸಿದೆ. ಜೋಳ ಬೆಳೆಯುವವರು 79 ಜನ ಎಂದು ತಿದ್ದಿದ ವರದಿಯನ್ನು, ಹಿಂದಿನ 118 ಹೇಗೆ ಬಂದಿತ್ತೆಂಬ ವಿವರಣೆಯೊಂದಿಗೆ, ಮತ್ತೆ ಕಳುಹಿಸಬೇಕಾಯಿತು.