ಅತ್ತೆಯ ಅರ್ಜಿಗೆ ಮೂರು ದಾರಿ: ಸೈಬರ್ ಅಂಗಡಿ, ವರ್ಡ್, ಪಿಡಿಎಫ್ ಜೊತೆ ಪೆನ್ನು

ಮೊದಲೇ ಹೇಳಿಬಿಡುತ್ತೇನೆ. ಅರ್ಜಿಯ ಪಿಡಿಎಫ್ ಮೇಲೆ ಗೊತ್ತಿರುವುದನ್ನು ಟೈಪ್ ಮಾಡಿ, ಗೊತ್ತಿಲ್ಲದ್ದನ್ನು ಖಾಲಿ ಬಿಟ್ಟು, ಪ್ರಿಂಟ್ ತೆಗೆದು, ಉಳಿದದ್ದನ್ನು ಕೌಂಟರ್ ಮುಂದೆ ಪೆನ್ನಿನಲ್ಲಿ ಬರೆಯುವುದೇ ನನಗೆ ಸರಿ ಅನ್ನಿಸಿದ್ದು. ಈ ಮಾತಿಗೆ ಬರುವ ಮೊದಲು ಒಂದು ಅರ್ಜಿ ವಾಪಸ್ ಬಂದಿತ್ತು. ಜಗಳೂರು ಕಡೆಯ ಹಳ್ಳಿಯಿಂದ ಅತ್ತೆ ಎರಡು ಸಲ ದಾವಣಗೆರೆಗೆ ಬಸ್ಸಿನಲ್ಲಿ ಬಂದು ಹೋದರು.

ಮಾವ ತೀರಿಕೊಂಡಿದ್ದರು. ಅವರ ಹೆಸರಲ್ಲಿ ಬ್ಯಾಂಕಿನಲ್ಲಿ ಒಂದು ಎಫ್‌ಡಿ ಇತ್ತು, ನಾಮಿನಿ ಅತ್ತೆ. ನಾಮಿನಿ ಹಣ ಕೇಳುವ ಅರ್ಜಿ ಬ್ಯಾಂಕಿನ ವೆಬ್‌ಸೈಟಲ್ಲೇ ಇತ್ತು, ನಾಲ್ಕು ಪುಟ. ಬೇಕಾದ ವಿವರಗಳು ಮಾತ್ರ ಎಲ್ಲೆಲ್ಲೋ. ಆಧಾರ್ ಫೋಟೊ ವಾಟ್ಸಾಪಿನಲ್ಲಿ, ಪಾಸ್‌ಬುಕ್ ಟ್ರಂಕಿನಲ್ಲಿ, ಮರಣ ಪ್ರಮಾಣಪತ್ರ ಭಾವನ ಹತ್ತಿರ, ಎಫ್‌ಡಿ ರಸೀದಿ ಅಡುಗೆಮನೆ ಡಬ್ಬಿಯಲ್ಲಿ.

ಮೊದಲು ಹೋದದ್ದು ನಮ್ಮ ಬಡಾವಣೆಯ ಸೈಬರ್ ಅಂಗಡಿಗೆ. 150 ರೂಪಾಯಿ, ಇಪ್ಪತ್ತು ನಿಮಿಷ. ಹುಡುಗ ಚುರುಕು, ಅಕ್ಷರ ತಪ್ಪಿರಲಿಲ್ಲ. ಆದರೆ ಎಲ್ಲಾ ಕಾಲಂ ತುಂಬಿತ್ತು. ನನಗೆ ಆಗಲೇ ಅನುಮಾನ ಬರಬೇಕಿತ್ತು. ಅತ್ತೆಗೆ ಇಮೇಲ್ ಇಲ್ಲ, ಅಲ್ಲಿ ಅಂಗಡಿಯ ಇಮೇಲ್ ಕೂತಿತ್ತು. ಆಧಾರ್‌ನಲ್ಲಿ ಹುಟ್ಟಿದ ವರ್ಷ ಮಾತ್ರ ಇದೆ, 1961. ಅರ್ಜಿಯಲ್ಲಿ 01-06-1961 ಅಂತ ಬಂದಿತ್ತು. ಕೇಳಿದ್ದಕ್ಕೆ, "ಅಣ್ಣಾ, ತಾರೀಖು ಇಲ್ದೋರಿಗೆಲ್ಲಾ ಜೂನ್ ಒಂದೇ ಹಾಕೋದು" ಅಂದ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಬರೆಯುತ್ತಿದ್ದ ಕಾಲದ ರೂಢಿ ಅದು. ನಾನೂ ಸುಮ್ನಾದೆ.

ಇಲ್ಲೇ ಎಡವಟ್ಟಾಗಿದ್ದು. ಅತ್ತೆಯ ಉಳಿತಾಯ ಖಾತೆಯೂ ಅದೇ ಶಾಖೆಯಲ್ಲಿದೆ. ಆ ಖಾತೆಯಲ್ಲಿ ಅವರ ಹುಟ್ಟಿದ ದಿನ 01-01-1961 ಅಂತ ದಾಖಲಾಗಿದೆ, ಅದು ನನಗೆ ಗೊತ್ತಾಗಿದ್ದು ಎರಡನೇ ಸಲ ಹೋದಾಗ. ಅರ್ಜಿಯಲ್ಲಿ ಒಂದು, ಕಂಪ್ಯೂಟರಿನಲ್ಲಿ ಇನ್ನೊಂದು. ತಾರೀಖು ತಾಳೆಯಾಗುತ್ತಿಲ್ಲ, ಹೊಸ ಅರ್ಜಿ ತನ್ನಿ ಅಂದರು ಬ್ಯಾಂಕಿನವರು. ನಿಜ ಹೇಳಬೇಕೆಂದರೆ ಎರಡೂ ಊಹೆಯ ತಾರೀಖುಗಳೇ. ಆದರೆ ಒಂದು ಬ್ಯಾಂಕಿನ ದಾಖಲೆಯಲ್ಲಿದೆ, ಇನ್ನೊಂದು ಎಲ್ಲೂ ಇಲ್ಲ. ಊಹಿಸಿ ಬರೆದ ತಾರೀಖು ನೋಡಲು ಥೇಟ್ ನಿಜವಾದ ತಾರೀಖಿನಂತೆಯೇ ಇರುತ್ತದೆ. ಖಾಲಿ ಕಾಲಂ ಕಂಡರೆ ಗುಮಾಸ್ತರು ಅಲ್ಲೇ ಕೇಳುತ್ತಾರೆ. ತುಂಬಿದ ಕಾಲಂ ಬಗ್ಗೆ ಯಾರೂ ಕೇಳುವುದಿಲ್ಲ, ತಾಳೆ ನೋಡಿದಾಗಲೇ ತಪ್ಪು ಗೊತ್ತಾಗುವುದು. ಇಮೇಲ್ ವಿಷಯವೂ ಸಣ್ಣದಲ್ಲ. ಬ್ಯಾಂಕಿನಿಂದ ಪತ್ರ ಬಂದರೆ ಅಂಗಡಿಗೆ ಹೋಗುತ್ತಿತ್ತು, ಅತ್ತೆಗೆ ಅಲ್ಲ.

ಎರಡನೇ ದಾರಿ, ಪಿಡಿಎಫನ್ನು ವರ್ಡ್‌ಗೆ ಬದಲಾಯಿಸಿ ತುಂಬುವುದು. ಅರ್ಧ ಗಂಟೆಯಲ್ಲಿ ಕೈಬಿಟ್ಟೆ. ಅರ್ಜಿಯ ಕನ್ನಡ ಸಾಲುಗಳು ಹಳೆಯ ನುಡಿ ಫಾಂಟಿನಲ್ಲಿದ್ದವು. ಬದಲಾಯಿಸಿದ ಕೂಡಲೇ ಅವೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾದವು. ಹೆಸರು ಬರೆದರೆ ಸಹಿಯ ಜಾಗ ಮುಂದಿನ ಪುಟಕ್ಕೆ ಜಾರಿತು. ಬದಲಾಯಿಸಿಕೊಡುವ ಗುರುತಿಲ್ಲದ ವೆಬ್‌ಸೈಟಿಗೆ ಆಧಾರ್ ನಂಬರ್ ಇರುವ ಅರ್ಜಿ ಹಾಕುವುದೂ ನನಗೆ ಇಷ್ಟವಿಲ್ಲ.

ಮೂರನೆಯದಕ್ಕೆ ಕೂರುವ ಮೊದಲು ಒಂದು ಬಿಳಿ ಹಾಳೆ ತೆಗೆದುಕೊಂಡೆ. ಅರ್ಜಿಯ ಪ್ರತಿ ಪ್ರಶ್ನೆಗೂ ಒಂದು ಸಾಲು, ಎದುರಿಗೆ ಉತ್ತರ, ಅದರ ಪಕ್ಕ ಅದು ಯಾವ ಕಾಗದದಲ್ಲಿ ಸಿಕ್ಕಿತು ಅಂತ. ಮಾವನ ಹೆಸರು ಪಾಸ್‌ಬುಕ್‌ನಲ್ಲಿ ಇನಿಷಿಯಲ್ ಜೊತೆ ಇದೆ, ಮರಣ ಪ್ರಮಾಣಪತ್ರದಲ್ಲಿ ಇನಿಷಿಯಲ್ ಇಲ್ಲ. ಎರಡನ್ನೂ ಬರೆದೆ. ಕೊನೆಗೆ ನಾಲ್ಕು ಸಾಲು ಖಾಲಿ ಉಳಿದವು: ಪಾನ್, ಇಮೇಲ್, ನಾಮಿನೇಷನ್ ನೋಂದಣಿ ಸಂಖ್ಯೆ, ಹುಟ್ಟಿದ ದಿನ. ನಾಲ್ಕಕ್ಕೂ ಅರ್ಜಿಯಲ್ಲಿ ಕೆಂಪು ನಕ್ಷತ್ರ, ಅಂದರೆ ಬರೆಯಲೇಬೇಕು.

ಆದರೆ ಈ ನಾಲ್ಕೂ ಒಂದೇ ಥರದ ಖಾಲಿ ಅಲ್ಲ. ಪಾನ್ ಮತ್ತು ಇಮೇಲ್ ಅತ್ತೆಗೆ ಇಲ್ಲವೇ ಇಲ್ಲ. ಅಲ್ಲಿ "ಇಲ್ಲ" ಅಂತ ಬರೆಯಬೇಕು, ಖಾಲಿ ಬಿಟ್ಟರೆ ಮರೆತಿದ್ದಾರೆ ಅಂದುಕೊಳ್ಳುತ್ತಾರೆ. ಪಾನ್ ಇಲ್ಲದ್ದಕ್ಕೆ ಫಾರಂ 60 ಲಗತ್ತಿಸಿದೆ. ಅದರಲ್ಲೂ ಹುಟ್ಟಿದ ದಿನ ಕೇಳುತ್ತದೆ, ಅದನ್ನೂ ಹಾಗೇ ಬಿಟ್ಟೆ. ನಾಮಿನೇಷನ್ ಸಂಖ್ಯೆ ಇದೆ, ಆದರೆ ಬ್ಯಾಂಕಿನ ಹತ್ತಿರ. ಎಫ್‌ಡಿ ರಸೀದಿಯ ಮೇಲೆ ನಾಮಿನೇಷನ್ ನೋಂದಾಯಿಸಲಾಗಿದೆ ಅನ್ನುವ ಮುದ್ರೆ ಇತ್ತು, ಸಂಖ್ಯೆ ಇರಲಿಲ್ಲ. ಅದನ್ನು ಖಾಲಿ ಬಿಟ್ಟು ಪೆನ್ಸಿಲ್ಲಿನಲ್ಲಿ ಸಣ್ಣ ಸುತ್ತು ಹಾಕಬೇಕು. ಹುಟ್ಟಿದ ದಿನದ್ದು ಅರ್ಧ ಉತ್ತರ. ವರ್ಷ ಗೊತ್ತು, ದಿನ ಗೊತ್ತಿಲ್ಲ. ಅದಕ್ಕೂ ಸುತ್ತು.

ಟೈಪ್ ಮಾಡಿದ್ದು ಆಫೀಸಿನ ಲ್ಯಾಪ್‌ಟಾಪಿನಲ್ಲಿ, ಉಚಿತ ಅಕ್ರೋಬ್ಯಾಟ್ ರೀಡರಿನಲ್ಲಿ. ಈ ಅರ್ಜಿಯಲ್ಲಿ ಒತ್ತಿದರೆ ಬರೆಯುವಂಥ ಚೌಕಗಳಿದ್ದವು. ಇಲ್ಲದ ಅರ್ಜಿಗೆ ಅದರಲ್ಲೇ ಇರುವ Fill & Sign ಸಾಕು. ತೊಂದರೆ ಕೊಟ್ಟಿದ್ದು ತಾರೀಖಿನ ಚೌಕ. ಬರೀ 1961 ಅಂತ ಹೊಡೆದರೆ ತಾರೀಖು ಸರಿಯಿಲ್ಲ ಅಂತ ಎಚ್ಚರಿಕೆ ಬಂದು ಬರೆದದ್ದು ಅಳಿಸಿಹೋಗುತ್ತದೆ. dd/mm/yyyy ಇದ್ದರೆ ಮಾತ್ರ ನಿಲ್ಲುತ್ತದೆ. "ಇಲ್ಲ", "ವರ್ಷ ಮಾತ್ರ" ಯಾವುದೂ ನಿಲ್ಲುವುದಿಲ್ಲ. ಮೂರು ಸಲ ಹೀಗಾದ ಮೇಲೆ ಸಾಕಪ್ಪಾ, ಯಾವುದಾದರೂ ತಾರೀಖು ಹಾಕಿಬಿಡೋಣ ಅಂತ ಕೈ ತಾನೇ ಹೋಗುತ್ತದೆ. ಸೈಬರ್ ಹುಡುಗನ ಕಷ್ಟ ನನಗೆ ಅರ್ಥವಾಗಿದ್ದು ಆಗಲೇ.

ಹಾಗೆ ಹಾಕಬೇಕಾಗಿಲ್ಲ. ಪಿಡಿಎಫ್‌ನಲ್ಲಿ "ಕಡ್ಡಾಯ" ಅನ್ನುವ ತಪಾಸಣೆ ನಡೆಯುವುದು ಅರ್ಜಿಯೊಳಗೇ ಕಳಿಸುವ ಬಟನ್ ಇದ್ದು, ಅದನ್ನು ಒತ್ತಿದಾಗ. ಸೇವ್ ಮಾಡಲು, ಪ್ರಿಂಟ್ ತೆಗೆಯಲು ಅದು ಅಡ್ಡ ಬರುವುದಿಲ್ಲ. ಚೌಕದ ಸುತ್ತ ಕೆಂಪು ಗೆರೆ ಕಾಣುತ್ತದೆ, ಅಷ್ಟೇ. ತಾರೀಖಿನ ಚೌಕವನ್ನು ಪೂರ್ತಿ ಅಳಿಸಿ ಖಾಲಿ ಬಿಟ್ಟೆ, ಪ್ರಿಂಟ್ ಬಂತು. ನಾಲ್ಕು ಪುಟಕ್ಕೆ ಝೆರಾಕ್ಸ್ ಅಂಗಡಿಯಲ್ಲಿ 20 ರೂಪಾಯಿ. ಆನ್‌ಲೈನಿನಲ್ಲೇ ತುಂಬಿ ಕಳಿಸುವ ಅರ್ಜಿಗೆ ಈ ಉಪಾಯ ನಡೆಯುವುದಿಲ್ಲ, ಅಲ್ಲಿ ಮೊದಲೇ ಕಚೇರಿಗೆ ಕೇಳಿಕೊಳ್ಳಬೇಕು.

ಕೌಂಟರಿನಲ್ಲಿ ನಾನು ಕೇಳಿದ್ದು ಇಷ್ಟೇ: "ಆಧಾರ್‌ನಲ್ಲಿ ವರ್ಷ ಮಾತ್ರ ಇದೆ ಮೇಡಂ. ನಿಮ್ಮ ದಾಖಲೆಯಲ್ಲಿ ಏನಿದೆ ನೋಡಿ ಹೇಳ್ತೀರಾ?" ಅವರು ಅತ್ತೆಯ ಖಾತೆ ತೆಗೆದು ನೋಡಿ, ಅದರಲ್ಲಿರುವಂತೆಯೇ ಬರೆಯಿರಿ ಅಂದರು. ನಾಮಿನೇಷನ್ ಸಂಖ್ಯೆಯನ್ನೂ ಅವರೇ ಹೇಳಿದರು. ಎರಡನ್ನೂ ನೀಲಿ ಪೆನ್ನಿನಲ್ಲಿ ಬರೆದು ಪೆನ್ಸಿಲ್ ಸುತ್ತು ಅಳಿಸಿದೆ. ಅತ್ತೆ ಸಹಿ ಹಾಕಿದರು. ಸ್ವೀಕೃತಿ ಕೇಳಿ ಪಡೆದೆವು, ಯಾಕೆಂದರೆ ನಾಮಿನಿ ಇರುವ ಖಾತೆಯ ಹಣವನ್ನು ಸರಿಯಾದ ಅರ್ಜಿ, ಕಾಗದ ಕೊಟ್ಟ 15 ದಿನದೊಳಗೆ ಬ್ಯಾಂಕು ಕೊಡಬೇಕು. ಆ ಲೆಕ್ಕ ಶುರುವಾಗುವುದು ಸ್ವೀಕೃತಿಯ ತಾರೀಖಿನಿಂದ.

ನನ್ನ ಹತ್ತಿರ ಲ್ಯಾಪ್‌ಟಾಪ್ ಇದೆ, ಸಂಜೆ ಒಂದು ಗಂಟೆ ಸಿಗುತ್ತದೆ, ಹಾಗಾಗಿ ಇದು ಹೊಂದುತ್ತದೆ. ಕಂಪ್ಯೂಟರ್ ಇಲ್ಲದವರು ಖಾಲಿ ಅರ್ಜಿಯನ್ನೇ ಪ್ರಿಂಟ್ ತೆಗೆದು ಪೆನ್ನಿನಲ್ಲಿ ತುಂಬಬಹುದು, ಅದೂ ಒಳ್ಳೆಯದೇ. ಅಕ್ಷರ ಚೆನ್ನಾಗಿ ಬರಲಿ ಅಂತ ಸೈಬರ್ ಅಂಗಡಿಗೇ ಹೋಗುವವರು ಆ ಬಿಳಿ ಹಾಳೆ ಒಯ್ದು, "ಇದರಲ್ಲಿ ಇಲ್ಲದ್ದು ಬರೀಬೇಡಪ್ಪಾ" ಅಂತ ಹೇಳಿ, ಪ್ರಿಂಟ್ ತೆಗೆಯುವ ಮೊದಲು ಹುಟ್ಟಿದ ದಿನ, ಇಮೇಲ್, ಮೊಬೈಲ್ ಈ ಮೂರನ್ನು ಪರದೆಯಲ್ಲೇ ಓದಿ ನೋಡಿಕೊಳ್ಳಿ.

ಅತ್ತೆಯ ಹಾಳೆ ಈಗಲೂ ನನ್ನ ಡ್ರಾಯರಿನಲ್ಲಿದೆ. ಹುಟ್ಟಿದ ದಿನದ ಎದುರು "ಆಧಾರ್: 1961 ಮಾತ್ರ. ಬ್ಯಾಂಕ್ ದಾಖಲೆ: 01-01-1961" ಅಂತ ಸೇರಿಸಿದ್ದೇನೆ. ವಿಧವಾ ವೇತನದ ಅರ್ಜಿ ಇನ್ನೂ ತುಂಬಬೇಕು.