ನ್ಯಾಚ್ ಆಟೋ ಡೆಬಿಟ್ – ಹಲವು ವರ್ಷ ಬಳಸಿದವರ ವಿಮರ್ಶೆ: ಸಹಿ ಮಾಡುವ ಮೊದಲು ಫಾರ್ಮ್ ಓದಿ

ಕಾರವಾರದಲ್ಲಿ ನನ್ನದೊಂದು ಕಿರಾಣಿ ಅಂಗಡಿ ಇದೆ. ಸಾಲದ ಕಂತು, ವಿಮೆಯ ಪ್ರೀಮಿಯಂ, ಮ್ಯೂಚುವಲ್ ಫಂಡ್‌ನ ತಿಂಗಳ ಎಸ್‌ಐಪಿ ಎಲ್ಲವೂ ಹಲವು ವರ್ಷಗಳಿಂದ ನ್ಯಾಚ್ ಆಟೋ ಡೆಬಿಟ್‌ನಲ್ಲೇ ಹೋಗುತ್ತಿವೆ, ಅಂದರೆ ಒಮ್ಮೆ ಅನುಮತಿ ಫಾರ್ಮ್‌ಗೆ ಸಹಿ ಮಾಡಿದರೆ ಹಣ ಬ್ಯಾಂಕ್ ಖಾತೆಯಿಂದ ತಾನಾಗಿಯೇ ಕಟ್ ಆಗುತ್ತದೆ. ಸೇವೆಯ ಬಗ್ಗೆ ನನಗೆ ದೂರಿಲ್ಲ. ಖಾತೆಯಲ್ಲಿ ಹಣ ಇದ್ದರೆ ಸಾಕು, ಕಂತು ಸರಿಯಾಗಿ ಕಟ್ ಆಗುತ್ತದೆ. ಐದಕ್ಕೆ ನಾಲ್ಕು ಅಂಕ ಧೈರ್ಯವಾಗಿ ಕೊಡುತ್ತೇನೆ. ಉಳಿದ ಒಂದು ಅಂಕ ಕಡಿಮೆ ಮಾಡಿದ್ದು ಫಾರ್ಮ್ ತುಂಬಿಸುವ ರೀತಿಗೆ. ಸಾಲ ಕೊಡುವವರು ಅದನ್ನು ತಮಗೆ ಬೇಕಾದ ಹಾಗೆ ತುಂಬಿ ತರುತ್ತಾರೆ, ನಾವು ಗುರುತು ಹಾಕಿದ ಕಡೆ ಸಹಿ ಮಾಡುತ್ತೇವೆ.

ಕಳೆದ ವರ್ಷ ಶಿರಸಿಯ ಭಾವ ಅಡಿಕೆ, ಗೊಬ್ಬರ ಸಾಗಿಸಲು ಒಂದು ಪಿಕಪ್ ತೆಗೆದುಕೊಂಡರು. ಆ ಸಾಲದ ಫಾರ್ಮ್ ಬಂದ ದಿನ ನಾನು ಅಲ್ಲೇ ಇದ್ದೆ. ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಕಂತು ತಿಂಗಳಿಗೆ 11,400 ರೂಪಾಯಿ, ಒಟ್ಟು 48 ಕಂತು. ಮೊದಲನೆಯದು 2025ರ ಜುಲೈ 5ಕ್ಕೆ, ಕೊನೆಯದು 2029ರ ಜೂನ್ 5ಕ್ಕೆ. ಫೈನಾನ್ಸ್ ಕಂಪನಿಯ ಹುಡುಗ ತಂದ ಫಾರ್ಮ್‌ನಲ್ಲಿ ಮೊತ್ತದ ಜಾಗದಲ್ಲಿ 22,800 ಅಂತ ಇತ್ತು. ‘ಮ್ಯಾಕ್ಸಿಮಮ್ ಅಮೌಂಟ್’ ಮುಂದೆ ಟಿಕ್. ಎಷ್ಟು ದಿನಕ್ಕೊಮ್ಮೆ ಅನ್ನುವ ಸಾಲಿನಲ್ಲಿ ‘ಆ್ಯಸ್ ಆ್ಯಂಡ್ ವೆನ್ ಪ್ರೆಸೆಂಟೆಡ್’ ಮುಂದೆ ಟಿಕ್. ಕೊನೆ ದಿನಾಂಕದ ಎಂಟು ಪುಟ್ಟ ಚೌಕಗಳಲ್ಲಿ 30-06-2035. ಕೆಳಗೆ ಸಹಿ ಮಾಡುವಲ್ಲಿ ಪೆನ್ಸಿಲ್‌ನಲ್ಲಿ ಇಂಟು ಗುರುತು.

ಭಾವನ ಕಣ್ಣು ಮೊದಲು ಹೋಗಿದ್ದು 22,800ರ ಮೇಲೆ. “ಕಂತಿನ ಎರಡರಷ್ಟು ಯಾಕಪ್ಪಾ?” ಅಂತ ಕೇಳಿದರು. ಹುಡುಗ ಹೇಳಿದ್ದು ಸುಳ್ಳೇನಲ್ಲ. ಒಂದು ಕಂತು ಬೌನ್ಸ್ ಆದರೆ ಮುಂದಿನ ತಿಂಗಳು ಎರಡನ್ನೂ ಒಟ್ಟಿಗೆ ತೆಗೆಯಲು ಜಾಗ ಬೇಕು, ಅದಕ್ಕೇ ಮಿತಿ ಜಾಸ್ತಿ ಇಡುತ್ತಾರೆ. ಮಿತಿ ಅಂದರೆ ಪ್ರತಿ ತಿಂಗಳೂ ಅಷ್ಟು ಕಟ್ ಆಗುತ್ತದೆ ಅಂತಲ್ಲ. ಬಾಕಿ ಇರುವಷ್ಟನ್ನೇ ಅವರು ಕೇಳಬೇಕು. ಆದರೆ ಮೊತ್ತವೊಂದನ್ನೇ ನೋಡಿ ಸಮಾಧಾನ ಪಟ್ಟುಕೊಂಡರೆ ಫಾರ್ಮ್ ಅರ್ಧ ಮಾತ್ರ ಓದಿದ ಹಾಗೆ. ಯಾಕೆಂದರೆ ಆ ಮಿತಿ ಒಂದು ಸಲಕ್ಕೆ. ತಿಂಗಳಿಗೆ ಎಷ್ಟು ಸಲ ಅನ್ನುವುದನ್ನು ಹೇಳುವುದು ಪಕ್ಕದ ಟಿಕ್. ‘ಆ್ಯಸ್ ಆ್ಯಂಡ್ ವೆನ್ ಪ್ರೆಸೆಂಟೆಡ್’ ಅಂದರೆ ಅವರು ಯಾವಾಗ ಕೇಳಿಕೆ ಕಳಿಸಿದರೆ ಆಗ. ವಾರಕ್ಕೊಂದು ಕಳಿಸಿದರೂ, ಪ್ರತಿಯೊಂದೂ 22,800ರ ಒಳಗಿದ್ದರೆ, ಫಾರ್ಮ್ ಪ್ರಕಾರ ನಾವು ಒಪ್ಪಿದಂತೆಯೇ.

ಇದರಿಂದ ನಿಜವಾದ ತೊಂದರೆ ಬರುವುದು ಖಾತೆಯಲ್ಲಿ ಹಣ ಇಲ್ಲದ ತಿಂಗಳು. ಐದನೇ ತಾರೀಕು ಒಮ್ಮೆ ಬೌನ್ಸ್, ಹತ್ತಕ್ಕೆ ಇನ್ನೊಮ್ಮೆ, ಹದಿನೈದಕ್ಕೆ ಮತ್ತೊಮ್ಮೆ ಆಗಬಹುದು. ಪ್ರತಿ ಸಲ ವಾಪಸಾದಾಗಲೂ ನಮ್ಮ ಬ್ಯಾಂಕ್ ಶುಲ್ಕ ಹಾಕಬಹುದು, ಅದಕ್ಕೆ ಜಿಎಸ್‌ಟಿ ಬೇರೆ. ಸಾಲ ಕೊಟ್ಟವರ ಬೌನ್ಸ್ ಚಾರ್ಜ್ ಇನ್ನೊಂದು. ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ತಿಂಗಳ ಸಂಬಳ ಬರುವುದಿಲ್ಲ, ಅಲ್ವಾ? ಶಿರಸಿ ಕಡೆ ಅಡಿಕೆ ಕೊಟ್ಟಾಗ ಹಣ ಒಟ್ಟಿಗೆ ಬರುತ್ತದೆ. ಇಲ್ಲಿ ಕರಾವಳಿಯಲ್ಲಿ ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ದೋಣಿ ಸಾಲ ಇರುವವರಿಗೆ ಈ ಟಿಕ್ ಎಷ್ಟು ಭಾರ ಅನ್ನುವುದು ಆ ಎರಡು ತಿಂಗಳಲ್ಲೇ ಗೊತ್ತಾಗುವುದು.

ಇನ್ನು ಕೊನೆ ದಿನಾಂಕ. ಸಾಲ 2029ರ ಜೂನ್‌ಗೆ ಮುಗಿಯುತ್ತದೆ, ಅನುಮತಿ ಮಾತ್ರ 2035ರವರೆಗೆ. ಆರು ವರ್ಷ ಜಾಸ್ತಿ. ಸಾಲ ತೀರಿ, ಬಾಕಿ ಇಲ್ಲ ಅನ್ನುವ ಎನ್‌ಒಸಿ ಪತ್ರ ಕೈಗೆ ಬಂದರೂ ಈ ಅನುಮತಿ, ಅಂದರೆ ಮ್ಯಾಂಡೇಟ್, ತಾನಾಗಿಯೇ ಸಾಯುವುದಿಲ್ಲ. ಬ್ಯಾಂಕಿನ ಪಟ್ಟಿಯಲ್ಲಿ ಅದು ಜೀವಂತವಾಗಿಯೇ ಇರುತ್ತದೆ.

ಮೂರನ್ನೂ ಸೇರಿಸಿ ಓದಿದಾಗ ಆ ಫಾರ್ಮ್ ಹೇಳುತ್ತಿದ್ದದ್ದು ಇಷ್ಟು: ಒಂದು ಸಲಕ್ಕೆ 22,800ರವರೆಗೆ, ಎಷ್ಟು ಸಲ ಬೇಕಾದರೂ, ಹತ್ತು ವರ್ಷ. ಭಾವ ಸಹಿ ಮಾಡಲಿಲ್ಲ. ಹುಡುಗ ಹೊರಗೆ ಹೋಗಿ ಕಚೇರಿಗೆ ಫೋನ್ ಮಾಡಿದ. ಮೊತ್ತ ಇಳಿಸಲು ಅವರು ಒಪ್ಪಲಿಲ್ಲ. ‘ಮಂತ್ಲಿ’ ಟಿಕ್ ಮಾಡಲು, ಕೊನೆ ದಿನಾಂಕ 30-09-2029 ಬರೆಯಲು ಒಪ್ಪಿದರು. ಮೂರು ತಿಂಗಳು ಹೆಚ್ಚು ಇಟ್ಟಿದ್ದು ನ್ಯಾಯವೇ. ಯಾವುದಾದರೂ ಕಂತು ಹಿಂದೆ ಬಿದ್ದರೆ ಬೇಕಾಗುತ್ತದೆ. ತಿದ್ದಿ ಬರೆಯಲು ಬಿಡದೆ ಹೊಸ ಫಾರ್ಮ್ ತುಂಬಿಸಿದೆವು. ಮೂರರಲ್ಲಿ ಎಲ್ಲವನ್ನೂ ಬದಲಿಸಲು ಅವರು ಒಪ್ಪದಿದ್ದರೆ ‘ಮಂತ್ಲಿ’ಗೆ ಹಟ ಹಿಡಿಯಿರಿ ಅನ್ನುವುದು ನನ್ನ ಅಭಿಪ್ರಾಯ. ಆಗ ಮಿತಿಗೆ ತಿಂಗಳ ಲೆಕ್ಕ ಬರುತ್ತದೆ. ಒಂದೇ ತಿಂಗಳಲ್ಲಿ ಎರಡು ಸಲ ಕಟ್ ಆದರೆ ಫಾರ್ಮ್‌ನ ಪ್ರತಿ ಹಿಡಿದು ನಮ್ಮ ಬ್ಯಾಂಕಿನಲ್ಲೇ ಪ್ರಶ್ನೆ ಮಾಡಬಹುದು.

ಎಲ್ಲ ಕಡೆ ‘ಆ್ಯಸ್ ಆ್ಯಂಡ್ ವೆನ್’ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನನ್ನ ಎಸ್‌ಐಪಿಗೆ ಅದೇ ಇದೆ. ಅಲ್ಲಿ ಯಾವ ತಾರೀಕು, ಎಷ್ಟು ಹಣ ಅಂತ ಪ್ರತಿಯೊಂದಕ್ಕೂ ನಾನೇ ಬೇರೆಯಾಗಿ ಹೇಳಬೇಕು. ಒಂದೇ ಮ್ಯಾಂಡೇಟ್‌ನಲ್ಲಿ ಮೂರು ಎಸ್‌ಐಪಿ ನಡೆಯುತ್ತಿವೆ. ಅದಕ್ಕೆ ಅದು ಬೇಕೇ ಬೇಕು. ವಿಮೆಗೆ ಮಾತ್ರ ‘ಇಯರ್ಲಿ’ ಇದೆ.

ಖಾತೆಯ ವಿವರದಲ್ಲಿ ಭಾವನ ಫಾರ್ಮ್‌ಗೆ ಇನ್ನೊಂದು ತೊಡಕಿತ್ತು. ಅವರದ್ದು ಮೊದಲು ಸಿಂಡಿಕೇಟ್ ಬ್ಯಾಂಕ್ ಖಾತೆ. 2020ರ ಏಪ್ರಿಲ್ 1ರಂದು ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಹುಡುಗ ಹಳೆಯ ಚೆಕ್ ನೋಡಿ ಬ್ಯಾಂಕ್ ಶಾಖೆಯ ಕೋಡ್ ಆದ ಐಎಫ್‌ಎಸ್‌ಸಿ ಬರೆದಿದ್ದ, ಶುರುವಿನಲ್ಲೇ SYNB ಇತ್ತು. ಆ ಕೋಡ್‌ಗಳು 2021ರ ಜುಲೈನಿಂದ ನಡೆಯುವುದಿಲ್ಲ. ಈಗ CNRB ಇಂದ ಶುರುವಾಗುವ ಕೋಡ್ ಬೇಕು. ನಮ್ಮ ಕಡೆ ಇಂಥ ಹಳೆಯ ಪಾಸ್‌ಬುಕ್ ಎಷ್ಟೋ ಮನೆಯಲ್ಲಿವೆ. ಐಎಫ್‌ಎಸ್‌ಸಿಯಲ್ಲಿ 11 ಅಕ್ಷರ ಇರುತ್ತವೆ, ಐದನೆಯದು ಸೊನ್ನೆ. ಅಲ್ಲಿ ಇಂಗ್ಲಿಷಿನ ‘ಓ’ ಅಕ್ಷರ ಬರೆದಿದ್ದರೆ ತಪ್ಪು. ಖಾತೆ ಸಂಖ್ಯೆಯನ್ನು ಒಬ್ಬರು ಪಾಸ್‌ಬುಕ್ ನೋಡಿ ಓದಬೇಕು, ಇನ್ನೊಬ್ಬರು ಫಾರ್ಮ್ ಮೇಲೆ ಬೆರಳಿಟ್ಟು ನೋಡಬೇಕು. ಅಂಗಡಿಯವರಾದರೆ ಉಳಿತಾಯ ಖಾತೆಯ ಎಸ್‌ಬಿ, ಚಾಲ್ತಿ ಖಾತೆಯ ಸಿಎ, ಕ್ಯಾಶ್ ಕ್ರೆಡಿಟ್‌ನ ಸಿಸಿ ಇವುಗಳಲ್ಲಿ ಯಾವುದಕ್ಕೆ ಟಿಕ್ ಆಗಿದೆ ಅಂತಲೂ ನೋಡಿ. ಸಹಿ ಬ್ಯಾಂಕಿನಲ್ಲಿ ಇರುವ ಹಾಗೇ ಇರಬೇಕು. ಸಹಿ ಹೊಂದದಿದ್ದರೆ ಮ್ಯಾಂಡೇಟ್ ತಿರಸ್ಕಾರವಾಗುತ್ತದೆ.

ಫಾರ್ಮ್‌ನಲ್ಲಿ ಇಲ್ಲದ ಒಂದು ವಿಷಯವೂ ಇದೆ: ಯಾವ ತಾರೀಕಿಗೆ ಕಟ್ ಆಗುತ್ತದೆ ಅನ್ನುವುದು. ‘ಫ್ರಮ್’ ಅಂತ ಬರೆದಿರುವುದು ಅನುಮತಿ ಶುರುವಾಗುವ ದಿನ, ಅಷ್ಟೇ. ಕಂತಿನ ತಾರೀಕು ಸಾಲದ ಕರಾರುಪತ್ರದಲ್ಲಿರುತ್ತದೆ. 2021ರ ಆಗಸ್ಟ್ 1ರಿಂದ ನ್ಯಾಚ್ ಭಾನುವಾರ, ರಜಾದಿನವೂ ನಡೆಯುತ್ತದೆ. ‘ನಾಳೆ ರಜೆ, ಸೋಮವಾರ ಹಾಕಿದರಾಯಿತು’ ಅನ್ನುವ ಲೆಕ್ಕ ಈಗ ನಡೆಯುವುದಿಲ್ಲ. ನಾನು ಹಿಂದಿನ ದಿನವೇ ಹಣ ಇಟ್ಟಿರುತ್ತೇನೆ.

ಸಹಿ ಮಾಡಿದ ಫಾರ್ಮ್‌ನ ಫೋಟೋ ಆಗಲೇ ತೆಗೆದಿಟ್ಟುಕೊಳ್ಳಿ. ಮ್ಯಾಂಡೇಟ್ ನೋಂದಣಿಯಾದ ಮೇಲೆ ಯುಎಂಆರ್‌ಎನ್ ಅನ್ನುವ 20 ಅಕ್ಷರದ ಸಂಖ್ಯೆ ಸಿಗುತ್ತದೆ. ನನಗೆ ಬ್ಯಾಂಕಿನಿಂದ ಎಸ್‌ಎಂಎಸ್‌ನಲ್ಲೇ ಬಂದಿತ್ತು. ಮೊದಲ ಕಂತಿನ ದಿನ ಹತ್ತಿರ ಬಂದರೂ ನಿಮಗೆ ಅದು ಸಿಗದಿದ್ದರೆ ಶಾಖೆಯಲ್ಲಿ ವಿಚಾರಿಸಿ, ಮ್ಯಾಂಡೇಟ್ ತಿರಸ್ಕಾರವಾಗಿರಬಹುದು. ಸಾಲ ಮುಗಿದಾಗಲೂ ಇದೇ ಸಂಖ್ಯೆ ಬೇಕು. ಅದೇ ಮಾದರಿಯ ಇನ್ನೊಂದು ಫಾರ್ಮ್‌ನ ಮೇಲೆ ‘ಕ್ಯಾನ್ಸಲ್’ ಟಿಕ್ ಮಾಡಿ, ಯುಎಂಆರ್‌ಎನ್ ಬರೆದು, ಎನ್‌ಒಸಿಯ ಪ್ರತಿ ಸೇರಿಸಿ ಬ್ಯಾಂಕಿಗೆ ಕೊಟ್ಟು, ಸ್ವೀಕರಿಸಿದ ಮುದ್ರೆ ಹಾಕಿಸಿಕೊಳ್ಳಿ.