ತಪ್ಪು ಆಯ್ಕೆ ಯಾಕೆ ತಪ್ಪು: ಒಂದೇ ಪ್ರಶ್ನೆಗೆ ನಾಲ್ಕು ಥರದ ಸ್ಲೈಡ್

ಪೈಥಾನ್ ಪಾಠದ ಸ್ಲೈಡ್‌ಗಳ ನಡುವೆ ನಾನು ಹಾಕುವ ಪ್ರಶ್ನೆಗಳಲ್ಲಿ ಇದೂ ಒಂದು. ಲಿಸ್ಟ್ ಅಂದರೇನು, ಅದಕ್ಕೆ ಸೇರಿಸುವುದು ಹೇಗೆ ಅಂತ ಹೇಳಿ ಮುಗಿಸಿದ ಕೂಡಲೇ ಬರುತ್ತದೆ.

```python
p = [1, 2, 3]
q = p
q.append(4)
print(p)
```

ಏನು ಪ್ರಿಂಟ್ ಆಗುತ್ತದೆ? ಒಂದನೇ ಆಯ್ಕೆ `[1, 2, 3]`. ಎರಡನೆಯದು `[1, 2, 3, 4]`. ಮೂರನೆಯದು ಎರರ್. ನಾಲ್ಕನೆಯದು `[4]`. ಸರಿ ಉತ್ತರ ಎರಡನೆಯದು. `q = p` ಅಂದಾಗ ಹೊಸ ಲಿಸ್ಟ್ ಹುಟ್ಟುವುದಿಲ್ಲ, ಇದ್ದ ಲಿಸ್ಟ್‌ಗೇ ಇನ್ನೊಂದು ಹೆಸರು ಬೀಳುತ್ತದೆ. ಆದರೆ ಹೊಸಬರು ಜಾಸ್ತಿ ಕೈ ಎತ್ತುವುದು ಒಂದನೆಯದಕ್ಕೆ.

ಪ್ರಶ್ನೆ ಬರೆಯುವುದು ಅಷ್ಟೇನೂ ಕಷ್ಟವಲ್ಲ. ಅದರ ಮುಂದಿನ ಸ್ಲೈಡ್‌ನಲ್ಲಿ ಏನಿರಬೇಕು ಅನ್ನುವುದೇ ತಲೆನೋವು. ಬೇರೆ ಬೇರೆ ಬ್ಯಾಚ್‌ಗಳಲ್ಲಿ ಇದೇ ಪ್ರಶ್ನೆ ಇಟ್ಟುಕೊಂಡು ನಾಲ್ಕು ಥರ ಮಾಡಿ ನೋಡಿದೆ. ಯಾವುದು ತಲೆಗೆ ಹೋಯಿತು ಅಂತ ತಿಳಿಯಲು ಪ್ರತಿ ಸಲವೂ ಸ್ವಲ್ಪ ಹೊತ್ತು ಬಿಟ್ಟು ಎರಡನೇ ಪ್ರಶ್ನೆ ಕೇಳುತ್ತಿದ್ದೆ. ಅದರಲ್ಲಿ ಮೂರನೇ ಸಾಲು ಮಾತ್ರ ಬೇರೆ: `q = q + [4]`. ಇಲ್ಲಿ ಬಲಗಡೆ ಹೊಸ ಲಿಸ್ಟ್ ತಯಾರಾಗುತ್ತದೆ, `q` ಅನ್ನುವ ಹೆಸರು ಅದಕ್ಕೆ ಹೋಗಿ ಅಂಟಿಕೊಳ್ಳುತ್ತದೆ. ಹಳೆಯ ಲಿಸ್ಟ್ ಹಾಗೇ ಉಳಿಯುತ್ತದೆ. ಹಾಗಾಗಿ `print(p)` ಕೊಡುವುದು `[1, 2, 3]`.

ಮೊದಲ ಥರ ಎಲ್ಲರೂ ಮಾಡುವುದೇ. ಸರಿ ಆಯ್ಕೆಗೆ ಹಸಿರು ಟಿಕ್ ಹಾಕಿ, ಕೆಳಗೆ ಎರಡು ಸಾಲು ವಿವರಣೆ. ತಪ್ಪು ಆಯ್ಕೆಗಳ ಬಗ್ಗೆ ಒಂದು ಮಾತೂ ಇಲ್ಲ. ಅರ್ಧ ನಿಮಿಷದಲ್ಲಿ ಕೆಲಸ ಮುಗಿಯುತ್ತದೆ, ಎಲ್ಲರೂ ತಲೆ ಆಡಿಸುತ್ತಾರೆ. ಎರಡನೇ ಪ್ರಶ್ನೆ ಬಂದಾಗ ಬಣ್ಣ ಬಯಲಾಗುತ್ತದೆ. ಮೊದಲ ಸಲ `[1, 2, 3]` ಅಂದವರೇ ಈಗ ಧೈರ್ಯವಾಗಿ `[1, 2, 3, 4]` ಅನ್ನುತ್ತಾರೆ. "ನೀವೇ ಹೇಳಿದ್ರಲ್ಲ ಸರ್, `q` ಮುಟ್ಟಿದ್ರೆ `p` ಕೂಡ ಬದಲಾಗತ್ತೆ ಅಂತ." ನಾನು ಹಾಗೆ ಹೇಳಿರಲಿಲ್ಲ. ಆದರೆ ಬರೀ ಸರಿ ಉತ್ತರ ಕೇಳಿಸಿಕೊಂಡವರಿಗೆ ಉಳಿದದ್ದು ಅದೇ. ಒಂದು ತಪ್ಪು ನಿಯಮ ಬಿಟ್ಟು ಇನ್ನೊಂದನ್ನು ಹಿಡಿದುಕೊಂಡಿದ್ದರು.

ಎರಡನೇ ಥರದಲ್ಲಿ ನಾಲ್ಕೂ ಆಯ್ಕೆಗಳ ಪಕ್ಕ ಒಂದೊಂದು ಕಾರಣ ಬರೆದೆ. ಕಾಗದದ ಮೇಲೆ ತುಂಬ ನ್ಯಾಯವಾಗಿ ಕಾಣುವ ವಿಧಾನ. ಬರೆದು ಮುಗಿಸಿ ಓದಿದಾಗ ನನಗೇ ನಾಚಿಕೆಯಾಯಿತು. ಒಂದನೇ ಆಯ್ಕೆ ತಪ್ಪು, ಯಾಕೆಂದರೆ ಲಿಸ್ಟ್ ಕಾಪಿ ಆಗಿಲ್ಲ. ಮೂರನೆಯದು ತಪ್ಪು, ಯಾಕೆಂದರೆ ಎರರ್ ಬರುವುದಿಲ್ಲ. ಇದು ಕಾರಣವಲ್ಲ, ಆಯ್ಕೆಯ ಮುಂದೆ ಸುಮ್ನೆ 'ಅಲ್ಲ' ಅಂತ ಬರೆದ ಹಾಗೆ. ಕಾಪಿ ಆಗಿದೆ ಅಂತಲೇ ನಂಬಿ ಕೈ ಎತ್ತಿದವರಿಗೆ 'ಕಾಪಿ ಆಗಿಲ್ಲ' ಅಂದರೆ ಹೊಸದೇನು ಸಿಕ್ಕಿತು?

ಅದನ್ನು ಸರಿಮಾಡಲು ಕಾರಣಗಳನ್ನು ಉದ್ದ ಮಾಡಿದೆ. ಆಗ ಇನ್ನೊಂದು ತೊಂದರೆ. ಪರದೆ ತುಂಬ ಅಕ್ಷರ. ನಾನು ಮಾತಾಡುತ್ತಿರುತ್ತೇನೆ, ಅವರು ಓದುತ್ತಿರುತ್ತಾರೆ, ಎರಡೂ ಅರ್ಧಂಬರ್ಧ. ಒಬ್ಬೊಬ್ಬರಿಗೂ ಬೇಕಾದ ಕಾರಣ ಒಂದೇ, ಉಳಿದವು ಅವರದ್ದಲ್ಲ. ಕೊನೆಗೆ ಕಾರಣಗಳು ಒಂದೊಂದಾಗಿ ಬರಲಿ ಅಂತ ಅನಿಮೇಶನ್ ಹಾಕಿದೆ. ಪಿಡಿಎಫ್ ಮಾಡಿ ಕಳಿಸಿದಾಗ ಅದು ಕೈಕೊಟ್ಟಿತು. ಪಿಡಿಎಫ್‌ನಲ್ಲಿ ಅನಿಮೇಶನ್ ಇರುವುದಿಲ್ಲ. ಕ್ಲಿಕ್ ಮಾಡಿದಾಗ ಬರಬೇಕಾದದ್ದೆಲ್ಲ ಒಂದೇ ಪುಟದಲ್ಲಿ ಪ್ರಶ್ನೆಯ ಜೊತೆಗೇ ಬಂದು ಕೂರುತ್ತದೆ. ಮನೆಯಲ್ಲಿ ಓದುವವರಿಗೆ ಪ್ರಶ್ನೆಗಿಂತ ಮೊದಲು ಕಣ್ಣಿಗೆ ಬಿದ್ದದ್ದು ಹಸಿರು ಟಿಕ್. ಅಂದಿನಿಂದ ಉತ್ತರಕ್ಕೆ ಅನಿಮೇಶನ್ ಬಳಸುವುದನ್ನೇ ಬಿಟ್ಟೆ. ಪ್ರಶ್ನೆಯ ಸ್ಲೈಡನ್ನು ಕಾಪಿ ಮಾಡಿ, ಕಾಪಿಯಲ್ಲಿ ಉತ್ತರ ಬರೆಯುತ್ತೇನೆ. ಪುಟ ಜಾಸ್ತಿಯಾಗುತ್ತದೆ, ಆಗಲಿ ಬಿಡಿ.

ಮೂರನೇ ಥರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ರತಿ ಆಯ್ಕೆಯ ಮೇಲೂ ಲಿಂಕ್, ಒತ್ತಿದರೆ ಅದರದ್ದೇ ಸ್ಲೈಡ್, ಅಲ್ಲಿಂದ ವಾಪಸ್ ಬರಲು ಬಟನ್. ಒಬ್ಬರೇ ಕೂತು ಓದುವವರಿಗೆ ನಾಲ್ಕರಲ್ಲಿ ಇದು ಚೆನ್ನ, ತಮ್ಮ ತಪ್ಪಿನ ಕಾರಣ ಮಾತ್ರ ನೋಡಬಹುದು. ಕ್ಲಾಸ್‌ನಲ್ಲಿ ಮಾತ್ರ ಕಷ್ಟ. ಕೈ ನಾಲ್ಕೂ ಕಡೆ ಎದ್ದಿರುತ್ತದೆ, ನಾನು ಯಾವುದನ್ನು ಒತ್ತಲಿ? ಲಿಂಕ್ ಮರೆತು ಅಭ್ಯಾಸ ಬಲದಿಂದ ಸ್ಪೇಸ್ ಬಾರ್ ಒತ್ತಿದರೆ ನೇರ ಒಂದನೇ ಆಯ್ಕೆಯ ವಿವರಣೆಗೆ ಜಾರುತ್ತದೆ, ಆಟ ಅಲ್ಲಿಗೆ ಮುಗಿಯಿತು. ನಾನು ಎರಡು ಸಲ ಹಾಗೆ ಮಾಡಿದ್ದೇನೆ.

ಈಗ ನಾನು ಉಳಿಸಿಕೊಂಡಿರುವುದು ನಾಲ್ಕನೇ ಥರ. ಇಲ್ಲಿ ಪ್ರತಿ ತಪ್ಪು ಆಯ್ಕೆಗೂ ಒಂದೇ ಪ್ರಶ್ನೆ: ಈ ಉತ್ತರ ಸರಿಯಾಗಬೇಕಿದ್ದರೆ ಕೋಡ್‌ನಲ್ಲಿ ಯಾವ ಸಾಲು ಬೇರೆ ಇರಬೇಕಿತ್ತು?

ಒಂದನೇ ಆಯ್ಕೆ ತಗೊಳ್ಳಿ. `[1, 2, 3]` ಬರಬೇಕಿದ್ದರೆ ಎರಡನೇ ಸಾಲು `q = p.copy()` ಆಗಿರಬೇಕಿತ್ತು. ಮೂರನೆಯದು ಎರರ್. ಅದು ಬರಬೇಕಿದ್ದರೆ ಮೊದಲ ಸಾಲು `p = (1, 2, 3)` ಆಗಿರಬೇಕು. ಅದು ಟ್ಯೂಪಲ್, ಅದಕ್ಕೆ `append` ಇಲ್ಲ, ಪೈಥಾನ್ ಕೂಡಲೇ `AttributeError` ಅನ್ನುತ್ತದೆ. ಸ್ಲೈಡ್‌ನಲ್ಲಿ ಅದೇ ನಾಲ್ಕು ಸಾಲಿನ ಕೋಡ್, ಅದೇ ಜಾಗದಲ್ಲಿ. ಬದಲಾದ ಸಾಲಿಗೆ ಮಾತ್ರ ಹಳದಿ ಬಣ್ಣ. ಮುಂದಿನ ಸ್ಲೈಡ್‌ಗೆ ಹೋದಾಗ ಕಣ್ಣಿಗೆ ಆ ಒಂದು ಸಾಲು ಅಲುಗಾಡಿದ ಹಾಗೆ ಕಾಣುತ್ತದೆ. ವಿವರಣೆಯ ಅರ್ಧ ಕೆಲಸ ಅಲ್ಲೇ ಆಗಿಹೋಗುತ್ತದೆ.

ಎರಡನೇ ಥರದ ಕಾರಣಗಳಿಗೂ ಇದಕ್ಕೂ ಇರುವ ವ್ಯತ್ಯಾಸ ದೊಡ್ಡದು. ಅಲ್ಲಿ ವಿದ್ಯಾರ್ಥಿಗೆ 'ನಿನ್ನದು ತಪ್ಪು' ಅಂತಷ್ಟೇ ಕೇಳಿಸುತ್ತದೆ. ಇಲ್ಲಿ 'ನೀನು ಉತ್ತರಿಸಿದ್ದು ಪಕ್ಕದ ಪ್ರಶ್ನೆಗೆ' ಅಂತ ಗೊತ್ತಾಗುತ್ತದೆ. ತಾನು `copy` ಇದೆ ಅಂದುಕೊಂಡಿದ್ದೆ ಅನ್ನುವುದು ಅವರಿಗೇ ಹೊಳೆಯುತ್ತದೆ. ಎರಡನೇ ಪ್ರಶ್ನೆಯಲ್ಲೂ ಇದರ ಫಲ ಕಂಡಿತು. ಹೊಸ ಲಿಸ್ಟ್ ಯಾವ ಸಾಲಿನಲ್ಲಿ ಹುಟ್ಟುತ್ತದೆ ಅಂತ ಹುಡುಕುವ ಅಭ್ಯಾಸ ಆಗಿರುತ್ತದಲ್ಲ, `q = q + [4]` ನೋಡಿದಾಗ ಅದನ್ನೇ ಹುಡುಕಿದರು. ಎಲ್ಲರೂ ಅಲ್ಲ. ಆದರೆ "ನೀವೇ ಹೇಳಿದ್ರಲ್ಲ" ಅನ್ನುವ ಮಾತು ಕಡಿಮೆಯಾಯಿತು. ಚುರುಕಿನವರು ಹಾಗಿದ್ದರೆ `q += [4]` ಬರೆದರೆ ಏನಾಗತ್ತೆ ಅಂತ ಕೇಳುತ್ತಾರೆ. ಲಿಸ್ಟ್‌ನಲ್ಲಿ ಅದು ಇದ್ದ ಲಿಸ್ಟ್‌ಗೇ ಸೇರಿಸುತ್ತದೆ, ಹಾಗಾಗಿ `p` ಕೂಡ ಬದಲಾಗುತ್ತದೆ. ಅದಕ್ಕೂ ಒಂದು ಸ್ಲೈಡ್ ಇಟ್ಟುಕೊಂಡಿರುವುದು ಒಳ್ಳೆಯದು.

ಈ ವಿಧಾನದಿಂದ ನಾನು ಎಣಿಸದ ಲಾಭವೂ ಒಂದಾಯಿತು. ನಾಲ್ಕನೇ ಆಯ್ಕೆ `[4]` ಸರಿಯಾಗಬೇಕಿದ್ದರೆ ಯಾವ ಸಾಲು ಬದಲಾಗಬೇಕು ಅಂತ ಕೂತು ಯೋಚಿಸಿದೆ. `p = []` ಅಂತ ಬರೆದರೆ ಬರುತ್ತದೆ, ನಿಜ. ಆದರೆ `[1, 2, 3]` ನೋಡಿ ಖಾಲಿ ಲಿಸ್ಟ್ ಅಂದುಕೊಳ್ಳುವವರು ಯಾರು? ನೆನಪು ಮಾಡಿಕೊಂಡರೆ ಆ ಆಯ್ಕೆಗೆ ಯಾರೂ ಕೈ ಎತ್ತಿದ್ದೇ ಇಲ್ಲ. ನಾಲ್ಕು ಇರಬೇಕು ಅಂತ ಸುಮ್ನೆ ತುರುಕಿದ್ದು ಅದು. ಅದನ್ನು ತೆಗೆದು `None` ಹಾಕಿದೆ. ಮೂರನೇ ಸಾಲು `p = q.append(4)` ಆಗಿದ್ದರೆ `None` ಸರಿ ಉತ್ತರ, ಯಾಕೆಂದರೆ `append` ಲಿಸ್ಟನ್ನು ಬದಲಿಸುತ್ತದೆ, ಆದರೆ ಏನನ್ನೂ ವಾಪಸ್ ಕೊಡುವುದಿಲ್ಲ. ಇದು ಹೊಸಬರು ನಿಜವಾಗಿ ಬೀಳುವ ಗುಂಡಿ. ಪಕ್ಕದ ಕೋಡ್ ಸಿಗದ ಆಯ್ಕೆ ಬರೀ ಜಾಗ ತುಂಬಿಸಲು ಬಂದದ್ದು ಅಂತ ಈಗ ನನ್ನ ಲೆಕ್ಕ.

ಆದರೂ ಇದೇ ವಿಧಾನ ಒಂದು ಸಲ ನನ್ನನ್ನು ಬೇಸ್ತು ಬೀಳಿಸಿತು. `q = p.copy()` ತೋರಿಸಿದ ಮೇಲೂ ಒಂದಿಷ್ಟು ಮುಖಗಳು ಹಾಗೇ ಸಪ್ಪಗಿದ್ದವು. ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ ಬೆಳೆಸಿದ ಒಂದು ಪದ್ಧತಿ ಇದೆ: ಮೊದಲು ಎಲ್ಲರೂ ಒಬ್ಬೊಬ್ಬರೇ ಉತ್ತರ ಆರಿಸುತ್ತಾರೆ, ಆಮೇಲೆ ಪಕ್ಕದವರ ಜೊತೆ ವಾದ ಮಾಡುತ್ತಾರೆ, ಮತ್ತೆ ಆರಿಸುತ್ತಾರೆ. ವಿವರಣೆ ಬರುವುದು ಅದಾದ ಮೇಲೆ. ಮುಂದಿನ ಬ್ಯಾಚ್‌ನಲ್ಲಿ ಹಾಗೆ ಮಾಡಿ, ಅವರು ವಾದ ಮಾಡುವಾಗ ಬೆಂಚುಗಳ ನಡುವೆ ಓಡಾಡಿದೆ. ಆಗ ಗೊತ್ತಾಯಿತು, ಒಂದನೇ ಆಯ್ಕೆಗೆ ಕೈ ಎತ್ತಿದವರಲ್ಲಿ ಎರಡು ಗುಂಪು ಇದೆ.

ಒಂದು ಗುಂಪು `q = p` ಕಾಪಿ ಮಾಡುತ್ತದೆ ಅಂದುಕೊಂಡಿದೆ. ಇನ್ನೊಂದು ಗುಂಪಿಗೆ ಆ ಸಾಲಿನ ಬಗ್ಗೆ ಗೊಂದಲವೇ ಇಲ್ಲ. ಅವರ ಎಡವಟ್ಟು `append` ಮೇಲೆ. ಹಿಂದಿನ ವಾರ ಸ್ಟ್ರಿಂಗ್ ಕಲಿತಿದ್ದರು. ಅಲ್ಲಿ `s.upper()` ಬರೆದರೆ `s` ಬದಲಾಗುವುದಿಲ್ಲ, ಹೊಸ ಸ್ಟ್ರಿಂಗ್ ವಾಪಸ್ ಬರುತ್ತದೆ, ಅದನ್ನು ಹಿಡಿದಿಟ್ಟುಕೊಳ್ಳದಿದ್ದರೆ ಹೋಯಿತು. `append` ಕೂಡ ಹಾಗೇ ಅಂದುಕೊಂಡಿದ್ದರು. ಅವರಿಗೆ `copy` ತೋರಿಸಿ ಏನು ಪ್ರಯೋಜನ? ಕಾಯಿಲೆಯೇ ಬೇರೆ, ಅಲ್ವಾ.

ಎರಡು ಗುಂಪನ್ನು ಬೇರೆ ಮಾಡಲು ಒಂದೇ ಸಾಲು ಸಾಕು. ಉತ್ತರ ಹೇಳುವ ಮೊದಲು, "ಒಂದನೆಯದು ಅಂದವರು ಹೇಳಿ, `print(q)` ಅಂದ್ರೆ ಏನು ಬರತ್ತೆ?" ಅಂತ ಕೇಳುತ್ತೇನೆ. ಕಾಪಿ ಅಂದುಕೊಂಡವರು `[1, 2, 3, 4]` ಅನ್ನುತ್ತಾರೆ. `append` ಬಗ್ಗೆ ತಪ್ಪು ತಿಳಿದವರು `[1, 2, 3]` ಅನ್ನುತ್ತಾರೆ. ಮೊದಲ ಗುಂಪು ದೊಡ್ಡದಿದ್ದರೆ `copy` ಇರುವ ಸ್ಲೈಡ್. ಎರಡನೆಯದು ದೊಡ್ಡದಿದ್ದರೆ ಮೂರನೇ ಸಾಲು `q + [4]` ಅಂತಷ್ಟೇ ಇರುವ ಸ್ಲೈಡ್. ಅಲ್ಲಿ ಹೊಸ ಲಿಸ್ಟ್ ಹುಟ್ಟಿ, ಯಾರೂ ಹಿಡಿಯದೆ ಕಳೆದುಹೋಗುತ್ತದೆ. ಅವರ ಮನಸ್ಸಿನಲ್ಲಿದ್ದ `append` ಅದೇ. ಎರಡೂ ಸ್ಲೈಡ್ ಡೆಕ್‌ನಲ್ಲಿ ಇವೆ, ಯಾವುದು ಮೊದಲು ಅನ್ನುವುದು ಆ ದಿನದ ಕೈಗಳ ಮೇಲೆ.

ಸಮಯದ ಮಾತು ಬಂದರೆ ಇದು ದುಬಾರಿ. ಟಿಕ್ ಹಾಕಿ ಮುಂದೆ ಹೋಗುವುದಕ್ಕೆ ಅರ್ಧ ನಿಮಿಷ ಸಾಕಿದ್ದರೆ, ಇದಕ್ಕೆ ಆರೇಳು ನಿಮಿಷ ಹಿಡಿಯುತ್ತದೆ. ಅದಕ್ಕೇ ಒಂದು ಗಂಟೆಯ ಪಾಠದಲ್ಲಿ ಎರಡಕ್ಕಿಂತ ಹೆಚ್ಚು ಪ್ರಶ್ನೆಗೆ ಹೀಗೆ ಮಾಡುವುದಿಲ್ಲ. ಯಾರೂ ಆರಿಸದ ಆಯ್ಕೆಗೆ ವಿವರಣೆ ಕೊಡುವುದನ್ನೂ ಬಿಟ್ಟಿದ್ದೇನೆ. ಆ ಸ್ಲೈಡ್‌ಗಳು ಡೆಕ್‌ನ ಕೊನೆಯಲ್ಲಿ ಇರುತ್ತವೆ, ಪಿಡಿಎಫ್ ಓದುವವರಿಗೆ ಸಿಗುತ್ತವೆ.

ಇನ್ನು ಎಲ್ಲ ಪ್ರಶ್ನೆಗೂ ಇದು ಒಗ್ಗುವುದಿಲ್ಲ. 'ಇವುಗಳಲ್ಲಿ ಪೈಥಾನ್ ಕೀವರ್ಡ್ ಯಾವುದು' ಅನ್ನುವಂಥ ಪ್ರಶ್ನೆಯಲ್ಲಿ ಬದಲಿಸಲು ಸಾಲೇ ಇಲ್ಲ. `print` ಅಂತ ಆರಿಸಿದವರಿಗೆ ಅದು ಫಂಕ್ಷನ್ ಅಂತ ಒಂದು ಮಾತು ಹೇಳಿ ಟಿಕ್ ಹಾಕಿ ಮುಂದೆ ಹೋಗುತ್ತೇನೆ.